ಪ್ರೀಮಿಯಂ ಕಮ್ಮಿ ಅಂತ ಪ್ಲಾನ್ ಆರಿಸಬೇಡಿ

1/5
ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋಗೋ ಇಂಜಿನಿಯರ್‌ಗಳಿಗೆ ಎಲ್ಲರೂ ಕೊಡೋ ಸಲಹೆ ಒಂದೇ: "ವಯಸ್ಸು ಚಿಕ್ಕದು, ಪ್ರೀಮಿಯಂ ಕಮ್ಮಿ ಇರೋ ಇನ್ಶೂರೆನ್ಸ್ ತಗೋ." ನಿಮ್ಮ ಅಣ್ಣನೋ ಅಕ್ಕನೋ ಅಲ್ಲಿದ್ರೆ ಇದನ್ನ ಅವರಿಗೆ ಕಳಿಸಿ. ಯಾಕಂದ್ರೆ ಈ ಸಲಹೆ ಅರ್ಧ ಲೆಕ್ಕ ಮಾತ್ರ.

2/5
ನಮ್ಮಲ್ಲಿ 5 ಲಕ್ಷದ ಪಾಲಿಸಿ ಅಂದ್ರೆ ಮಿತಿ ಕಂಪನಿಗೆ. ಅದರ ಮೇಲಿನದು ನಿಮ್ಮ ಜೇಬಿಂದ. ಅಲ್ಲಿ ಉಲ್ಟಾ, ಮಿತಿ ನಿಮಗೆ. ಮೊದಲು ಡಿಡಕ್ಟಬಲ್, ಅಷ್ಟು ಪೂರ್ತಿ ನೀವೇ ಕಟ್ಟಬೇಕು. ಆಮೇಲೆ ಕೋಇನ್ಶೂರೆನ್ಸ್, ಅಂದ್ರೆ ಉಳಿದ ಬಿಲ್‌ನಲ್ಲಿ ನಿಮ್ಮ ಪಾಲು, ಉದಾಹರಣೆಗೆ 20%. ಈ ಎರಡೂ ಸೇರಿ ಔಟ್-ಆಫ್-ಪಾಕೆಟ್ ಮ್ಯಾಕ್ಸಿಮಮ್ ಮುಟ್ಟಿದ ಮೇಲೆ, ಆ ವರ್ಷ ಪ್ಲಾನ್‌ನೊಳಗಿನ ಚಿಕಿತ್ಸೆಯ ಖರ್ಚೆಲ್ಲ ಇನ್ಶೂರೆನ್ಸಿನದು.

3/5
ಈಗ ಲೆಕ್ಕ ಹಾಕೋಣ. ಅಪೆಂಡಿಕ್ಸ್ ಆಪರೇಷನ್, ಪ್ಲಾನ್ ಒಪ್ಪಿದ ಬಿಲ್ 33,000 ಡಾಲರ್ ಅಂದ್ಕೊಳ್ಳಿ.

ಅಗ್ಗದ ಪ್ಲಾನ್: ತಿಂಗಳಿಗೆ 50 ಡಾಲರ್, ಡಿಡಕ್ಟಬಲ್ 3,000, ಮ್ಯಾಕ್ಸಿಮಮ್ 8,000. ಮೊದಲು 3,000 ಹೋಯ್ತು. ಉಳಿದ 30,000ಕ್ಕೆ 20% ಅಂದ್ರೆ 6,000. ಒಟ್ಟು 9,000 ಆಗಬೇಕಿತ್ತು, ಮಿತಿ 8,000ಕ್ಕೆ ತಡೆಯಿತು. ವರ್ಷದ ಪ್ರೀಮಿಯಂ 600 ಸೇರಿಸಿದ್ರೆ 8,600.

ದುಬಾರಿ ಪ್ಲಾನ್: ತಿಂಗಳಿಗೆ 150, ಡಿಡಕ್ಟಬಲ್ 1,000, ಮ್ಯಾಕ್ಸಿಮಮ್ 4,000. ಇಲ್ಲಿ 4,000ಕ್ಕೇ ನಿಲ್ಲುತ್ತೆ. ಪ್ರೀಮಿಯಂ 1,800 ಸೇರಿ 5,800.

ಏನೂ ಆಗದ ವರ್ಷ ಅಗ್ಗದ ಪ್ಲಾನ್ 1,200 ಉಳಿಸುತ್ತೆ, ಸರಿ. ಆದರೆ ಆಪರೇಷನ್ ಆದ ವರ್ಷ 2,800 ಹೆಚ್ಚು ಕಿತ್ಕೊಳ್ಳುತ್ತೆ. ಬ್ಯಾಂಕಲ್ಲಿ 8,000 ಡಾಲರ್ ಸುಮ್ನೆ ಬಿದ್ದಿದ್ರೆ ಅಗ್ಗದ್ದನ್ನೇ ತಗೊಳ್ಳಿ. ಈಗಷ್ಟೇ ಇಳಿದು, ಮನೆ ಅಡ್ವಾನ್ಸ್ ಕಟ್ಟಿ, ಕಾರ್ ತಗೊಂಡಿರೋರ ಹತ್ರ ಅಷ್ಟು ಎಲ್ಲಿರುತ್ತೆ?

4/5
"ಮಿತಿ ಇದ್ಯಲ್ಲ" ಅಂತ ನಿಶ್ಚಿಂತೆಯಾಗೋ ಹಾಗೂ ಇಲ್ಲ. ಪ್ರೀಮಿಯಂ ಆ ಲೆಕ್ಕಕ್ಕೆ ಸೇರಲ್ಲ. ಪ್ಲಾನ್‌ನ ನೆಟ್‌ವರ್ಕ್‌ನಲ್ಲಿ ಇಲ್ಲದ ಡಾಕ್ಟರ್ ಹತ್ರ ನೀವಾಗೇ ಹೋದ್ರೆ ಆ ದುಡ್ಡೂ ಸಾಮಾನ್ಯವಾಗಿ ಸೇರಲ್ಲ.

ವೀಸಾದೋರಿಗೆ ಇನ್ನೊಂದು ಹೊಡೆತ ಇದೆ. ಕೆಲಸ ಹೋದ್ರೆ ಸಿಗೋ ಕಾಲಾವಕಾಶ ಹೆಚ್ಚೆಂದ್ರೆ 60 ದಿನ. ಅವಸರದಲ್ಲಿ ಹೊಸ ಕಂಪನಿ ಸೇರಿದ್ರೆ ಪ್ಲಾನೂ ಹೊಸದು, ಮೀಟರ್ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ. ಏಪ್ರಿಲ್‌ನಲ್ಲಿ ಮ್ಯಾಕ್ಸಿಮಮ್ ಮುಟ್ಟಿದ್ರೂ ಸೆಪ್ಟೆಂಬರ್‌ನಲ್ಲಿ ಡಿಡಕ್ಟಬಲ್ ಮೊದಲಿಂದ ಕಟ್ಟಬೇಕು. ಹಾಗಾಗಿ ಮುಂದೂಡಬಹುದಾದ ಚಿಕಿತ್ಸೆ ಇದ್ರೆ, ಮಿತಿ ಮುಟ್ಟಿದ ಪ್ಲಾನ್ ಕೈಲಿರುವಾಗಲೇ ಮುಗಿಸ್ಕೊಳ್ಳಿ.

5/5
2025ಕ್ಕೆ ಅಲ್ಲಿನ ಸರ್ಕಾರ ಒಬ್ಬರಿಗೆ ಇಟ್ಟ ಗರಿಷ್ಠ ಮಿತಿ 9,200 ಡಾಲರ್, ಕುಟುಂಬಕ್ಕೆ 18,400. ಕಂಪನಿ ಅದಕ್ಕಿಂತ ಕಮ್ಮಿ ಇಡಬಹುದು, ಹೆಚ್ಚು ಇಡೋ ಹಾಗಿಲ್ಲ. ಫಾರ್ಮ್ ತುಂಬೋ ದಿನ ಎರಡೇ ಅಂಕಿ ಕೂಡಿ: ವರ್ಷದ ಪ್ರೀಮಿಯಂ ಮತ್ತು ಔಟ್-ಆಫ್-ಪಾಕೆಟ್ ಮ್ಯಾಕ್ಸಿಮಮ್. ಕೆಟ್ಟ ವರ್ಷದ ಬೆಲೆ ಅದೇ. ಅಷ್ಟು ದುಡ್ಡು ನಿಮ್ಮ ಹತ್ರ ಇಲ್ಲ ಅಂದ್ರೆ ಆ ಪ್ಲಾನ್ ನಿಮಗೆ ಅಗ್ಗ ಅಲ್ಲ.

#ಬಿಕಾಂಲೆಕ್ಕ #ಅಮೆರಿಕಕನ್ನಡಿಗರು