ಗೇಟಿಗೆ ಎರಡು ಕೌಂಟರ್ ಸಾಕೆ?

ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನದ ದಿನ ಗೇಟಿನಲ್ಲಿ ಮೊಬೈಲ್ ಹಿಡಿದು ಪಾಸ್ ಸ್ಕ್ಯಾನ್ ಮಾಡುತ್ತಿದ್ದ ಇಬ್ಬರಲ್ಲಿ ನಾನೂ ಒಬ್ಬ. ಹತ್ತು ಗಂಟೆಗೆ ಉದ್ಘಾಟನೆ. ಆ ಹೊತ್ತಿಗೆ ಸಾಲು ದುದ್ದದ ಮುಖ್ಯರಸ್ತೆಯವರೆಗೂ ಬೆಳೆದಿತ್ತು. ಕಂಕುಳಲ್ಲಿ ಮಗುವಿದ್ದ ತಾಯಂದಿರು ಬಿಸಿಲಿನಲ್ಲಿ ನಿಂತಿದ್ದರು, ಅವರ ಪಕ್ಕದಲ್ಲೇ ಬಸ್ಸು, ಟ್ರ್ಯಾಕ್ಟರ್ ಹೋಗುತ್ತಿದ್ದವು. "ಹುಡುಗರು ನಿಧಾನ ಮಾಡಿದರು" ಎಂದು ಆಮೇಲೆ ಹಲವರು ಹೇಳಿದರು. ತಪ್ಪಿದ್ದು ನಮ್ಮ ಕೈಯಲ್ಲ, ನಾವು ಮೊದಲೇ ಹಾಕಿಕೊಂಡಿದ್ದ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಆ ಲೆಕ್ಕ ಹೀಗಿತ್ತು. 480 ಪಾಸ್ ಕೊಟ್ಟಿದ್ದೆವು. ಗೇಟು ತೆರೆದಿರುವುದು 9ರಿಂದ 11ರವರೆಗೆ, ಎರಡು ಗಂಟೆ. ಅಂದರೆ ನಿಮಿಷಕ್ಕೆ 4 ಜನ. ಒಬ್ಬರಿಗೆ 20 ಸೆಕೆಂಡ್ ಹಿಡಿದರೆ ಒಂದು ಕೌಂಟರ್ ನಿಮಿಷಕ್ಕೆ 3 ಜನರನ್ನು ಒಳಗೆ ಬಿಡುತ್ತದೆ, ಎರಡು ಕೌಂಟರ್ 6 ಜನರನ್ನು. ಸಾಕಲ್ಲ ಎಂದುಕೊಂಡೆವು.

ಆದರೆ ಜನ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಉದ್ಘಾಟನೆ ಹತ್ತಕ್ಕೆ ಎಂದರೆ ಒಂಬತ್ತೂವರೆಯ ಮೇಲೆಯೇ ಬರುತ್ತಾರೆ. ಅಂದು ಆ ಅರ್ಧ ಗಂಟೆಯಲ್ಲೇ 360 ಜನ ಬಂದರು, ನಿಮಿಷಕ್ಕೆ 12. ನಾವು ಬಿಟ್ಟದ್ದು 6. ಉಳಿದ 6 ಜನ ಪ್ರತಿ ನಿಮಿಷವೂ ಸಾಲಿಗೆ ಸೇರಿದರು. ಹತ್ತು ಗಂಟೆಗೆ ಸಾಲಿನಲ್ಲಿ 180 ಜನ. ಕೊನೆಯಲ್ಲಿ ನಿಂತವರಿಗೆ ಮೂವತ್ತು ನಿಮಿಷ ಕಾಯುವ ಕೆಲಸ. ಆದ್ದರಿಂದ ಕೌಂಟರ್ ಲೆಕ್ಕವನ್ನು ಇಡೀ ಬೆಳಗಿನ ಸರಾಸರಿಯ ಮೇಲೆ ಹಾಕಬಾರದು, ಅತಿ ಹೆಚ್ಚು ಜನ ಬರುವ ಅರ್ಧ ಗಂಟೆಯ ಮೇಲೆ ಹಾಕಬೇಕು.

ಹಾಗೆ ಹಾಕಿ ನೋಡೋಣ. ನಿಮಿಷಕ್ಕೆ 12 ಜನ, ಒಬ್ಬರಿಗೆ 20 ಸೆಕೆಂಡ್: ಒಟ್ಟು 240 ಸೆಕೆಂಡಿನ ಕೆಲಸ. ಒಂದು ಕೌಂಟರಿಗೆ ನಿಮಿಷದಲ್ಲಿ ಇರುವುದು 60 ಸೆಕೆಂಡ್. ಹಾಗಾದರೆ 4 ಕೌಂಟರ್ ಸಾಕೇ? ಸಾಲದು. ನಾಲ್ಕೂ ಕೌಂಟರ್ ಒಂದು ಕ್ಷಣವೂ ಬಿಡುವಿಲ್ಲದೆ ಕೆಲಸ ಮಾಡಿದರೆ ಮಾತ್ರ ಅದು ಸರಿಹೋಗುತ್ತದೆ. ಒಂದು ನಿಮಿಷ 8 ಜನ, ಮುಂದಿನ ನಿಮಿಷ 16 ಜನ ಬಂದರೆ ಮೊದಲ ನಿಮಿಷದ ಬಿಡುವು ವ್ಯರ್ಥ, ಎರಡನೆಯ ನಿಮಿಷದ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಕೌಂಟರುಗಳು ಶೇ. 80ರಷ್ಟು ಹೊತ್ತು ಮಾತ್ರ ಕೆಲಸದಲ್ಲಿರುವಂತೆ ನೋಡಿಕೊಳ್ಳುವುದು ಒಳ್ಳೆಯದು: 4ನ್ನು 0.8ರಿಂದ ಭಾಗಿಸಿದರೆ 5. ಕೋಪನ್‌ಹೇಗನ್ನಿನ ಟೆಲಿಫೋನ್ ಕರೆಗಳಿಗಾಗಿ ಎರ್ಲಾಂಗ್ ಎಂಬ ಗಣಿತಜ್ಞ ನೂರು ವರ್ಷಗಳ ಹಿಂದೆ ಕಂಡುಕೊಂಡ ಸೂತ್ರದಲ್ಲಿ ಇಟ್ಟು ನೋಡಿದೆ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತರೆ 5 ಕೌಂಟರಿಗೆ ಸರಾಸರಿ ಕಾಯುವಿಕೆ ಸುಮಾರು 11 ಸೆಕೆಂಡ್, 6 ಕೌಂಟರಿಗೆ ಸುಮಾರು 3 ಸೆಕೆಂಡ್. ಆರನೆಯದರಿಂದ ಸಿಗುವ ಲಾಭ ಅಷ್ಟೇ. ಆದರೆ ಬಸ್ಸಿನಿಂದ 50 ಜನ ಒಮ್ಮೆಗೇ ಇಳಿದರೆ ಈ ಸರಾಸರಿ ನಿಲ್ಲದು. 5 ಕೌಂಟರಿದ್ದರೂ ಅವರನ್ನೆಲ್ಲ ಒಳಗೆ ಬಿಡಲು ಮೂರು ನಿಮಿಷಕ್ಕಿಂತ ಹೆಚ್ಚು ಬೇಕು.

ಇನ್ನು ಆ 20 ಸೆಕೆಂಡ್ ಎಲ್ಲಿಂದ ಬಂತು? ಹೆಚ್ಚಿನವರಿಗೆ 12 ಸೆಕೆಂಡ್ ಸಾಕಿತ್ತು. ಹತ್ತರಲ್ಲಿ ಒಬ್ಬರಿಗೆ ಮಾತ್ರ ಪಾಸ್ ಸಿಗದೆ, ನೆಟ್‌ವರ್ಕ್ ಬಾರದೆ ಇನ್ನೂ 80 ಸೆಕೆಂಡ್ ಹಿಡಿಯುತ್ತಿತ್ತು. ಅವರ ಹಿಂದೆ ನಿಂತವರೆಲ್ಲ ಸುಮ್ಮನೆ ಕಾಯಬೇಕಿತ್ತು. ಅಂಥವರನ್ನು ಪಕ್ಕದ ಮೇಜಿಗೆ ಕಳಿಸಿದರೆ ಗೇಟಿನಲ್ಲಿ 3 ಕೌಂಟರ್, ಆ ಮೇಜಿನಲ್ಲಿ 2 ಜನ ಸಾಕು. ಒಟ್ಟು ಅದೇ 5 ಜನ, ಆದರೆ ಹತ್ತರಲ್ಲಿ ಒಂಬತ್ತು ಮಂದಿ ಸರಾಗವಾಗಿ ಒಳಗೆ ಹೋಗುತ್ತಾರೆ.

"ಅಷ್ಟು ಸ್ವಯಂಸೇವಕರು ಎಲ್ಲಿ?" ಎಂದು ಕೇಳಬಹುದು. ಐದು ಜನ ಬೇಕಾಗಿರುವುದು ಅರ್ಧ ಗಂಟೆಗೆ ಮಾತ್ರ. ಆಮೇಲೆ ಮೂವರು ತಮ್ಮ ಮಾದರಿಗಳ ಹತ್ತಿರ ಹೋಗಬಹುದು.

ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಕೈಪಿಡಿ ಒಂದು ಪ್ರವೇಶದ್ವಾರದಿಂದ ಗಂಟೆಗೆ 660 ಜನರಿಗಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ ಎನ್ನುತ್ತದೆ. ಸುಮಾರು 35,000 ಜನ ಹಿಡಿಸುವ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಒಂದು ಗಂಟೆಯಲ್ಲಿ ತುಂಬಬೇಕಾದರೆ 53ಕ್ಕಿಂತ ಹೆಚ್ಚು ದ್ವಾರ ಬೇಕಾಗುತ್ತವೆ. 2025ರ ಜೂನ್ 4ರಂದು ಅದರ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಒಳಗೆ ಹಿಡಿಸುವುದಕ್ಕಿಂತ ಹೆಚ್ಚು ಜನ ಬಂದರೆ ಎಷ್ಟು ಕೌಂಟರ್ ಇದ್ದರೂ ಪ್ರಯೋಜನವಿಲ್ಲ. ಆಗ ಜನರನ್ನು ಗೇಟಿಗೆ ಬರುವ ಮೊದಲೇ ತಡೆಯಬೇಕು. ನಮ್ಮಲ್ಲಿ ಪಾಸ್ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ನಮಗೆ ಆ ನೆಪವೂ ಇಲ್ಲ.

ಮುಂದಿನ ಕಾರ್ಯಕ್ರಮಕ್ಕೆ ನಾನು ಕೇಳುವುದು ಇಷ್ಟೇ. ಹಿಂದಿನ ದಿನ ಇಪ್ಪತ್ತು ಗೆಳೆಯರನ್ನು ಸಾಲಿನಲ್ಲಿ ನಿಲ್ಲಿಸಿ ಸ್ಟಾಪ್‌ವಾಚ್ ಹಿಡಿದು ಸ್ಕ್ಯಾನ್ ಮಾಡಿ ನೋಡೋಣ. ಕೌಂಟರ್ ಎಷ್ಟು ಎಂದು ಅದಾದ ಮೇಲೆ ತೀರ್ಮಾನಿಸೋಣ. ರಸ್ತೆಯ ಪಕ್ಕ ನಿಲ್ಲುವವರು ನಮ್ಮ ಅಮ್ಮಂದಿರೇ.