ಬಾಕಿಯ ಲೆಕ್ಕ, ಬರುವ ಲೆಕ್ಕ

ಮಾರ್ಚ್ ಸಮೀಪಿಸಿದಂತೆ ಸಂಘ-ಸಂಸ್ಥೆಗಳ ಖಜಾಂಚಿಗಳು ಮುಂದಿನ ವರ್ಷದ ಆಯವ್ಯಯ ಪತ್ರ ಸಿದ್ಧಪಡಿಸಲು ಕೂರುತ್ತಾರೆ. ಖರ್ಚಿನ ಪಟ್ಟಿಯ ಮೇಲೆ ಸಮಿತಿಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆದಾಯದ ಭಾಗವಾದರೋ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಸದಸ್ಯರ ಸಂಖ್ಯೆಯನ್ನು ವಂತಿಗೆಯಿಂದ ಗುಣಿಸಿ, ಹಳೆಯ ಬಾಕಿಯನ್ನು ಕೂಡಿಸಿದರೆ ಆಯಿತು. ಸಂಘಗಳು ವರ್ಷದ ನಡುವೆ ಕೈಬರಿದಾಗಿ ನಿಲ್ಲುವುದಕ್ಕೆ ಈ ಒಂದು ಸಾಲು ಸಾಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡಿನ ಒಂದು ಸಂಘದಲ್ಲಿ 400 ಸದಸ್ಯರು. ವಾರ್ಷಿಕ ವಂತಿಗೆ 200 ರೂಪಾಯಿ. ವರ್ಷಕ್ಕೆ ಬರಬೇಕಾದುದು 80,000 ರೂಪಾಯಿ. ಕಳೆದ ಮೂರು ವರ್ಷವೂ ವಂತಿಗೆಯ ಬಾಬ್ತಿನಲ್ಲಿ ತಲಾ 56,000 ರೂಪಾಯಿ ಜಮೆಯಾಗಿದೆ. ವಸೂಲಾತಿ ಶೇಕಡಾ 70ರಲ್ಲಿ ಸ್ಥಿರವಾಗಿದೆ ಎಂದು ಖಜಾಂಚಿ ವರದಿ ಮಾಡುತ್ತಾರೆ, ಸಭೆ ಒಪ್ಪುತ್ತದೆ.

ಆದರೆ ರಸೀದಿ ಪುಸ್ತಕವನ್ನು ತೆರೆದು, ಪ್ರತಿಯೊಂದು ಪಾವತಿಯೂ ಯಾವ ವರ್ಷದ ವಂತಿಗೆಗೆ ಸಂದಿದೆ ಎಂದು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೊದಲ ವರ್ಷ ಬಂದ 56,000 ಪೂರ್ತಿ ಆ ವರ್ಷದ್ದೇ. ಎರಡನೆಯ ವರ್ಷ 52,000 ಮಾತ್ರ ಆ ವರ್ಷದ್ದು, 4,000 ಹಿಂದಿನ ಬಾಕಿ. ಮೂರನೆಯ ವರ್ಷ ಚಾಲ್ತಿ ವಂತಿಗೆ 48,000ಕ್ಕೆ ಇಳಿದು, ಬಾಕಿಯಿಂದ 8,000 ಬಂದಿದೆ. ಅಂದರೆ ನಿಜವಾದ ವಸೂಲಾತಿ ಶೇಕಡಾ 70ರಿಂದ 65ಕ್ಕೆ, 65ರಿಂದ 60ಕ್ಕೆ ಕುಸಿದಿದೆ. ಹಳೆಯ ಬಾಕಿಯ ಹಣ ಈ ಕುಸಿತವನ್ನು ಮರೆಮಾಡಿದೆ. ಇದನ್ನು ಪತ್ತೆಹಚ್ಚಲು ಇನ್ನೊಂದು ಗುರುತೂ ಉಂಟು: ವಸೂಲಾತಿ ಸ್ಥಿರವಾಗಿದೆ ಎನ್ನುತ್ತಿರುವಾಗಲೇ ವರ್ಷಾಂತ್ಯದ ಒಟ್ಟು ಬಾಕಿ 24,000, 48,000, 72,000 ಎಂದು ಏರುತ್ತಾ ಬಂದಿದೆ.

ಈ 72,000 ರೂಪಾಯಿ ಒಂದೇ ಬಗೆಯ ಹಣವಲ್ಲ. ಬಾಕಿಗೂ ವಯಸ್ಸಿದೆ, ವಯಸ್ಸಾದಷ್ಟೂ ಅದು ಕೈಗೆ ಬರುವ ಸಾಧ್ಯತೆ ಕ್ಷೀಣಿಸುತ್ತದೆ. ಈ ಸಂಘದ್ದೇ ಪುಸ್ತಕದಂತೆ, ಒಂದು ವರ್ಷದ ಬಾಕಿಯಲ್ಲಿ ಒಮ್ಮೆ ಆರನೆಯ ಒಂದು ಭಾಗ, ಇನ್ನೊಮ್ಮೆ ಕಾಲು ಭಾಗ ಬಂದಿದೆ. ಎರಡು ವರ್ಷ ಹಳೆಯದರಲ್ಲಿ ಬಂದುದು ಶೇಕಡಾ 5 ಮಾತ್ರ. ಆದುದರಿಂದ ಅಂದಾಜನ್ನು ಮೂರು ಸಾಲುಗಳಲ್ಲಿ ಬರೆಯಬೇಕು. ಇಳಿಮುಖವನ್ನು ಗಮನಿಸಿ ಚಾಲ್ತಿ ವಂತಿಗೆಯನ್ನು ಶೇಕಡಾ 55ಕ್ಕೆ ಹಿಡಿದರೆ 44,000. ಒಂದು ವರ್ಷದ ಬಾಕಿ 32,000ದಲ್ಲಿ ಐದನೆಯ ಒಂದು ಭಾಗ, 6,400. ಎರಡು ವರ್ಷದ ಬಾಕಿ 21,000ದಲ್ಲಿ ಸುಮಾರು 1,000. ಅದಕ್ಕೂ ಹಳೆಯದಾದ 19,000ಕ್ಕೆ ಸೊನ್ನೆ. ಒಟ್ಟು 51,400. ಗುಣಿಸಿ ಕೂಡಿಸಿದ ಲೆಕ್ಕ 1,52,000 ಎಂದು ತೋರಿಸುತ್ತಿತ್ತು.

ಸೊನ್ನೆ ಬರೆದ ಆ 19,000ದ ಹಿಂದೆ 95 ಹೆಸರುಗಳಿವೆ. ಅವರು ನಂತರದ ವರ್ಷಗಳಲ್ಲಿಯೂ ಏನನ್ನೂ ಕೊಟ್ಟಿಲ್ಲವಾದರೆ ಒಟ್ಟು ಬಾಕಿಯಲ್ಲಿ 57,000 ಅವರದೇ. ಪಟ್ಟಿಯನ್ನು ಊರೂರಿನ ಕಾರ್ಯಕರ್ತರ ಮುಂದಿಟ್ಟು ಓದಿದರೆ ಕಾರಣಗಳು ಹೊರಬೀಳುತ್ತವೆ: ತೀರಿಕೊಂಡವರು, ಬೆಂಗಳೂರಿಗೆ ಹೋದವರು, ಎರಡು ಕಡೆ ಹೆಸರು ಬಂದವರು, ಮನಸ್ತಾಪದಿಂದ ದೂರವಾದವರು. ಕೊನೆಯ ವರ್ಗದವರ ಮನೆಗೆ ಒಮ್ಮೆ ಹೋಗಿ ಬರುವುದು ಸಮಿತಿಯ ಕೆಲಸ. ಉಳಿದವರ ಹೆಸರನ್ನು ನಿಯಮಾವಳಿಯಂತೆ ತೆಗೆಯುವುದೇ ಸರಿ. 1860ರ ಸಂಘಗಳ ನೋಂದಣಿ ಕಾಯಿದೆಯೇ ಮೂರು ತಿಂಗಳಿಗಿಂತ ಹೆಚ್ಚು ವಂತಿಗೆ ಬಾಕಿ ಇರುವವರಿಗೆ ಮತದ ಹಕ್ಕಿಲ್ಲ, ಅವರನ್ನು ಸದಸ್ಯರೆಂದು ಎಣಿಸಬಾರದು ಎಂದು ಹೇಳಿತ್ತು.

ಇಲ್ಲಿ ಇನ್ನೊಂದು ತಪ್ಪಿಗೆ ಎಡೆಯಿದೆ. 95 ಹೆಸರು ತೆಗೆದ ಮೇಲೆ ಬರಬೇಕಾದ ಮೊತ್ತ 61,000ಕ್ಕೆ ಇಳಿಯುತ್ತದೆ. ಅದರ ಮೇಲೆ ಹಳೆಯ ಶೇಕಡಾ 55ನ್ನೇ ಹಾಕಿದರೆ 33,550 ಎಂಬ ಅನಗತ್ಯ ಬಡತನ ಕಾಣುತ್ತದೆ. ಕೊಡದವರು ಪಟ್ಟಿಯಲ್ಲಿದ್ದಾಗ ಬಂದ ಪ್ರಮಾಣವದು. ಅದೇ 44,000 ರೂಪಾಯಿ ಹೊಸ ಪಟ್ಟಿಗೆ ಶೇಕಡಾ 72 ಆಗುತ್ತದೆ. ಪಟ್ಟಿ ಬದಲಾದರೆ ಪ್ರಮಾಣವೂ ಬದಲಾಗಬೇಕು; ಹಣ ಮಾತ್ರ ಅಷ್ಟೇ. ಹೆಸರು ತೆಗೆದುದರಿಂದಲೇ ಏರಿದ ಪ್ರಮಾಣವನ್ನು ಸಾಧನೆಯೆಂದು ಮಹಾಸಭೆಯಲ್ಲಿ ಹೇಳಿಕೊಳ್ಳುವುದೂ ಸಲ್ಲದು.

ವಾರ್ಷಿಕ ಅಂದಾಜು ಸರಿಯಿದ್ದರೂ ಹಣ ಬರುವ ಕಾಲವನ್ನು ಮರೆಯುವಂತಿಲ್ಲ. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾದರೂ ಅಡಿಕೆ ಬೆಳೆಗಾರರ ಕೈಯಲ್ಲಿ ಹಣವಾಡುವುದು ಕೊಯ್ಲು, ಸಂಸ್ಕರಣೆಗಳ ನಂತರ. ಮಳೆಗಾಲದ ಖರ್ಚನ್ನು ಚಳಿಗಾಲದ ವಂತಿಗೆಯ ಭರವಸೆಯ ಮೇಲೆ ಮಾಡಿದ ಸಂಘ, ಜುಲೈಯಲ್ಲಿಯೇ ಮುದ್ರಕನಿಗೆ ಸಾಲಗಾರನಾಗುತ್ತದೆ.

ಈ ಲೆಕ್ಕಕ್ಕೆ ಬೇಕಾದುದು ಪ್ರತಿ ರಸೀದಿಯ ಮೇಲೆ 'ಯಾವ ವರ್ಷದ ಬಾಬ್ತು' ಎಂಬ ಒಂದು ಸಾಲು ಮಾತ್ರ. ಅದನ್ನು ಇಂದು ಬರೆಯದಿದ್ದರೆ, ಮೂರು ವರ್ಷಗಳ ನಂತರ ಯಾವ ಲೆಕ್ಕಪರಿಶೋಧಕರೂ ಅದನ್ನು ಹುಡುಕಿ ಕೊಡಲಾರರು.