ಮರಕುಂಬಿ ತೀರ್ಪು: ಎಲ್ಲರಿಗೂ ಒಂದೇ ಅಳತೆ ಸಾಕಾ?

ಗೆಳೆಯರೇ, ಗಂಗಾವತಿ ತಾಲ್ಲೂಕಿನ ಮರಕುಂಬಿ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ನಾವೆಲ್ಲ ಸಂಭ್ರಮಿಸಿದ್ವಿ. ಸಂಭ್ರಮಿಸಬೇಕಾದ್ದೇ. ಆದರೆ ಶಿಕ್ಷೆ ಯಾಕೆ ಕೊಡ್ತೀವಿ ಅನ್ನೋ ಪ್ರಶ್ನೆಯನ್ನ ನಾವು ಇನ್ನೂ ನಮ್ಮೊಳಗೆ ಸರಿಯಾಗಿ ಮಾತಾಡಿಕೊಂಡಿಲ್ಲ.

ನಡೆದದ್ದು ನಿಮಗೆ ಗೊತ್ತು. ಕ್ಷೌರದಂಗಡಿಗೆ, ಹೋಟೆಲ್ಲಿಗೆ ದಲಿತರಿಗೆ ಪ್ರವೇಶ ಇಲ್ಲ ಅನ್ನೋ ಜಗಳ ಊರಲ್ಲಿ ಇತ್ತು. 2014ರ ಆಗಸ್ಟ್‌ನಲ್ಲಿ ಗುಂಪು ಕಟ್ಟಿಕೊಂಡು ಬಂದು ಜನರನ್ನ ಹೊಡೆದರು, ಗುಡಿಸಲಿಗೆ ಬೆಂಕಿ ಇಟ್ಟರು. ತೀರ್ಪು ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ನವೆಂಬರ್‌ನಲ್ಲೇ ಧಾರವಾಡ ಹೈಕೋರ್ಟ್ ಪೀಠ 97 ಜನರ ಶಿಕ್ಷೆಯನ್ನ ಅಮಾನತ್ತಿನಲ್ಲಿಟ್ಟು ಜಾಮೀನು ಕೊಟ್ಟಿತು.

ಈಗ ಒಂದು ಕಲ್ಪನೆ ಮಾಡಿಕೊಳ್ಳಿ. ಇಂಥದ್ದೇ ಒಂದು ಗುಂಪಿನಲ್ಲಿ ಇಬ್ಬರಿದ್ದಾರೆ. ಒಬ್ಬ ಐವತ್ತರ ಯಜಮಾನ, ಜನ ಸೇರಿಸಿದವನು, ಸೀಮೆಎಣ್ಣೆ ತರಿಸಿದವನು. ಇನ್ನೊಬ್ಬ ಇಪ್ಪತ್ತರ ಹುಡುಗ, ಹಿಂದೆ ಓಡಿಬಂದು ಕಲ್ಲು ಎಸೆದವನು. ಅಕ್ರಮ ಕೂಟದ ಸಮಾನ ಉದ್ದೇಶ ಸಾಬೀತಾದರೆ ಕಾನೂನಿನ ಕಣ್ಣಲ್ಲಿ ಇಬ್ಬರೂ ಬೆಂಕಿ ಇಟ್ಟವರೇ. ಅಟ್ರಾಸಿಟಿ ಕಾಯ್ದೆಯ ಕಲಂ 3(2)(iv) ದಲಿತರ ಮನೆ ಸುಟ್ಟದ್ದಕ್ಕೆ ಜೀವಾವಧಿ ಮತ್ತು ದಂಡ ಅಂತ ಮಾತ್ರ ಹೇಳುತ್ತೆ. ಇಷ್ಟರಿಂದ ಇಷ್ಟು ವರ್ಷ ಅನ್ನೋ ಅವಕಾಶವೇ ಇಲ್ಲ. ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳೋ ನ್ಯಾಯಾಧೀಶರ ಕೈಯಲ್ಲಿ ತಕ್ಕಡಿ ಇರುತ್ತೆ, ಕಲ್ಲು ಮಾತ್ರ ಒಂದೇ.

ಮಾಡಿದ್ದಕ್ಕೆ ತಕ್ಕ ಶಿಕ್ಷೆ ಅನ್ನೋ ವಾದ ಇಲ್ಲಿ ಅರ್ಧ ನಮ್ಮ ಪರ. ‘ಯಾರೂ ಸತ್ತಿಲ್ಲ, ಜೀವಾವಧಿ ಯಾಕೆ?’ ಅಂತ ಕೇಳಿದವರಿಗೆ ಉತ್ತರ ಈ ವಾದದಲ್ಲೇ ಇದೆ. ಸುಟ್ಟಿದ್ದು ಬರೀ ಗುಡಿಸಲಲ್ಲ. ‘ನೀನು ಆ ಅಂಗಡಿ ಮೆಟ್ಟಿಲು ಹತ್ತಬೇಡ’ ಅಂತ ಇಡೀ ಕೇರಿಗೆ ಹೇಳಿದ್ದು. ಮರಕುಂಬಿಯಲ್ಲಿ ದೋಷಿಗಳಾದ ಇನ್ನೂ ಮೂವರು ಪರಿಶಿಷ್ಟರೇ ಆಗಿದ್ದರಿಂದ ಅವರಿಗೆ ಈ ಕಾಯ್ದೆ ಅನ್ವಯಿಸಲಿಲ್ಲ, ಐದು ವರ್ಷ ಆಯ್ತು. ಆ ಅಂತರದ ಅರ್ಥ ಇದೇ. ಆದರೆ ಅದೇ ವಾದ ಯಜಮಾನನಿಗೂ ಹುಡುಗನಿಗೂ ಒಂದೇ ಅಳತೆ ಹಾಕೋದನ್ನ ಒಪ್ಪಲ್ಲ. ಒಬ್ಬೊಬ್ಬ ಮಾಡಿದ್ದಕ್ಕೆ ತಕ್ಕಷ್ಟು ಅನ್ನೋದನ್ನ ಬಿಟ್ಟರೆ ಅದು ಲೆಕ್ಕವೇ ಇಲ್ಲದ ಸೇಡಾಗುತ್ತೆ. ಜಾತಿ ನೋಡಿ ದಂಡ ಹಾಕೋ ಮನುವಿನ ಪದ್ಧತಿ ವಿರುದ್ಧ ನಿಂತ ನಾವು ಅಳತೆಯ ವಿಷಯದಲ್ಲಿ ಎಲ್ಲರಿಗಿಂತ ಹುಷಾರಾಗಿರಬೇಕು.

‘ಅವರಿಗೆ ಭಯ ಬರ್ಲಿ ಬಿಡಣ್ಣ’ ಅಂತೀರಿ. ಸರಿ, ಭಯದ ಲೆಕ್ಕವನ್ನೇ ನೋಡೋಣ. ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಆಗಲೂ ಪುಸ್ತಕದಲ್ಲಿ ಜೀವಾವಧಿ, ಗಲ್ಲು ಎಲ್ಲ ಇತ್ತಲ್ಲ? ಭಯ ಹುಟ್ಟೋದು ಶಿಕ್ಷೆಯ ಉದ್ದದಿಂದಲ್ಲ, ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿಯಿಂದ. ಇಟಲಿಯ ಬೆಕಾರಿಯಾ 1764ರಲ್ಲೇ ಇದನ್ನ ಬರೆದ. ಅಂಗಡಿಯಲ್ಲಿ ಪ್ರವೇಶ ನಿರಾಕರಿಸಿದರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಡಿ ಒಂದರಿಂದ ಆರು ತಿಂಗಳು ಜೈಲು. ಕ್ಷೌರದಂಗಡಿಯ ಬಾಗಿಲು ಹಾಕಿದ ವಾರದಲ್ಲೇ ಪಿಎಸ್‌ಐ ಬಂದು ಕೇಸು ದಾಖಲಿಸಿ, ವರ್ಷದೊಳಗೆ ಒಬ್ಬ ಎರಡು ತಿಂಗಳು ಒಳಗೆ ಕೂತಿದ್ದರೆ, ಆ ಪುಟ್ಟ ಶಿಕ್ಷೆ ಹುಡುಗನ ಕೈಯಿಂದ ಕಲ್ಲು ಬೀಳಿಸ್ತಿತ್ತು. ಹತ್ತು ವರ್ಷ ತಡವಾದ ಜೀವಾವಧಿಗೆ ಆ ಕೆಲಸ ಮಾಡೋಕಾಗಲ್ಲ. ಕರ್ತವ್ಯ ನಿರ್ಲಕ್ಷಿಸಿದ ಅಧಿಕಾರಿಗೆ ಕಲಂ 4ರಲ್ಲಿ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ ಇದೆ. ಅದನ್ನ ಕೇಳಿ ನಾವು ಎಷ್ಟು ಸಲ ಧರಣಿ ಕೂತಿದ್ದೀವಿ?

ಸುಧಾರಣೆ ಅಂದ ಕೂಡಲೇ ನಮ್ಮವರು ಮೈ ಪರಚಿಕೊಳ್ತಾರೆ. ಕಾರಣ ಇದೆ. ‘ಬದಲಾಗ್ತಾನೆ, ಒಂದವಕಾಶ ಕೊಡಿ’ ಅನ್ನೋ ಕರುಣೆ ಮೇಲ್ಜಾತಿಯ ಮಗನಿಗಷ್ಟೇ ಸಿಗೋದು. ಅದಕ್ಕೇ ಕಲಂ 19 ಹದಿನೆಂಟು ದಾಟಿದವರಿಗೆ ಪ್ರೊಬೇಷನ್ ಬಾಗಿಲು ಮುಚ್ಚಿದೆ. ಮುಚ್ಚಿದ್ದು ಸರಿ. ಆದರೆ ಪ್ರೊಬೇಷನ್‌ಗೂ ಜೀವಾವಧಿಗೂ ನಡುವೆ ಬೇಕಾದಷ್ಟು ಜಾಗ ಇದೆ. ಆ ಹುಡುಗನಿಗೆ ನಾನಾದರೆ ಏಳೆಂಟು ವರ್ಷ ಕೊಡ್ತಿದ್ದೆ, ಯಜಮಾನನಿಗೆ ಜೀವಾವಧಿ ಬಿಡ್ತಿರಲಿಲ್ಲ. ಕಾಯ್ದೆ ದುರ್ಬಲ ಮಾಡೋರ ಕೈಗೆ ದೊಣ್ಣೆ ಕೊಡ್ತಿದ್ದೀಯ ಅಂತ ಬೈಯೋರು ಬೈಯಿರಿ. ಎಲ್ಲರಿಗೂ ಜೀವಾವಧಿ ಅಂದಾಗ ಮೇಲ್ಮನವಿಯಲ್ಲಿ ಹುಡುಗನ ಮೇಲಿನ ಅನುಮಾನದ ಲಾಭ ಯಜಮಾನನಿಗೂ ದಾಟುತ್ತೆ ಅನ್ನೋ ಹೆದರಿಕೆ ನನಗೆ.

ಇನ್ನು ಸುಧಾರಣೆ ಬೇಕಾಗಿರೋದು ಊರಿಗೆ. ಅದಕ್ಕೂ ಕಾಯ್ದೆಯಲ್ಲಿ ಕಲಂ 16 ಇದೆ, ಊರಿನ ಮೇಲೆ ಸಾಮೂಹಿಕ ದಂಡ ಹಾಕೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಿಮ್ಮ ಜಿಲ್ಲೆಯಲ್ಲಿ ಅದನ್ನ ಎಲ್ಲಾದರೂ ಬಳಸಿದ್ದಾರಾ? ಜಿಲ್ಲಾ ಜಾಗೃತಿ ಸಮಿತಿ ಸಭೆಗೆ ಹೋಗೋರು ಈ ಸಲ ಅದನ್ನೂ, ಕಲಂ 4ರ ಲೆಕ್ಕವನ್ನೂ ಕೇಳಿ, ಉತ್ತರ ಬಂದರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ.

ಜೈಭೀಮ್.